ನಾಸಿಕದ ಮಳೆ, ಪೈಠಣದ ನೀರು

ಛತ್ರಪತಿ ಸಂಭಾಜಿನಗರದ ನಲ್ಲಿಗೆ ನೀರು ಬರುವುದು ಪೈಠಣದ ಬಳಿಯ ಜಾಯಕವಾಡಿ ಜಲಾಶಯದಿಂದ. ಅದು ತುಂಬಲು ಊರಿನ ಮಳೆಗಿಂತ ಮುಖ್ಯವಾದದ್ದು ಗೋದಾವರಿಯ ಮೇಲ್ಭಾಗದ, ಅಂದರೆ ನಾಸಿಕ ಸೀಮೆಯ ಮಳೆ. ಅಲ್ಲಿ ಇಷ್ಟು ಮಳೆ ಬಿದ್ದರೆ ಇಲ್ಲಿ ಎಷ್ಟು ನೀರು ಬಂದೀತು? ಇಂಥ ಪ್ರಶ್ನೆಗೆ ಉತ್ತರ ಕೊಡುವ ಗಣಿತ ಹುಟ್ಟಿದ್ದು ಮಾತ್ರ ನೀರಿನ ಲೆಕ್ಕದಿಂದಲ್ಲ.

1886ರಲ್ಲಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿಯರ ಎತ್ತರವನ್ನು ಮಕ್ಕಳ ಎತ್ತರದೊಡನೆ ಜೋಡಿ ಮಾಡಿ ನೋಡಿದರು. ಬಹಳ ಎತ್ತರದವರ ಮಕ್ಕಳೂ ಎತ್ತರವೇ, ಆದರೆ ಸರಾಸರಿಯತ್ತ ತುಸು ಸರಿದಿರುತ್ತಾರೆ. ಆ ಸರಿಯುವಿಕೆಯಿಂದಲೇ ರಿಗ್ರೆಷನ್ ರೇಖೆ ಬಂತು. ಅದೇ ವರ್ಷ ಭಾರತದ ಹವಾಮಾನ ಇಲಾಖೆಯ ಬ್ಲ್ಯಾನ್‌ಫರ್ಡ್ ಹಿಮಾಲಯದ ಹಿಮವನ್ನು ನೋಡಿ ಮುಂಗಾರಿನ ಮುನ್ಸೂಚನೆ ಕೊಟ್ಟರು. ಆ ಎರಡು ಎಳೆಗಳನ್ನು ಕೂಡಿಸಿದವರು 1904ರಲ್ಲಿ ಇಲಾಖೆಯ ಮುಖ್ಯಸ್ಥರಾದ ಗಣಿತಜ್ಞ ಗಿಲ್ಬರ್ಟ್ ವಾಕರ್. ದೂರದ ಊರುಗಳ ಗಾಳಿಯ ಒತ್ತಡಕ್ಕೂ ನಮ್ಮ ಮಳೆಗೂ ಇರುವ ಸಹಸಂಬಂಧವನ್ನು ಅವರು ಅಳೆಯತೊಡಗಿದರು. ನೂರು ಕಡೆ ನಂಟು ಹುಡುಕಿದರೆ ಒಂದಾದರೂ ಆಕಸ್ಮಿಕವಾಗಿ ಸಿಕ್ಕೇ ಸಿಗುತ್ತದೆ ಎಂಬ ಎಚ್ಚರವೂ ಅವರಿಗಿತ್ತು.

ಈಗ ನಮ್ಮ ನದಿಗೆ ಬರೋಣ. ಅಂಕಿಗಳು ಲೆಕ್ಕ ತೋರಿಸಲು ನಾನೇ ಇಟ್ಟವು. ಐದು ವರ್ಷಗಳಲ್ಲಿ ಮೇಲ್ಭಾಗದ ಮಳೆ 60, 70, 80, 90, 100 ಸೆಂ.ಮೀ. ಎನ್ನಿ, ಜಾಯಕವಾಡಿಗೆ ಬಂದ ನೀರು ಕ್ರಮವಾಗಿ 20, 45, 40, 70, 75 ಟಿಎಂಸಿ. ಸರಾಸರಿ 80 ಮತ್ತು 50. ಪ್ರತಿ ವರ್ಷ ಎರಡೂ ತಮ್ಮ ಸರಾಸರಿಯಿಂದ ಎಷ್ಟು ದೂರ ನಿಂತಿವೆ ಎಂದು ನೋಡಿ, ಆ ಜೋಡಿಗಳನ್ನು ಗುಣಿಸಿ ಕೂಡಿದರೆ 1350. ಮಳೆಯ ದೂರಗಳ ವರ್ಗಗಳ ಮೊತ್ತ 1000. ಭಾಗಿಸಿದರೆ 1.35: ಮಳೆ ಒಂದು ಸೆಂ.ಮೀ. ಹೆಚ್ಚಿದರೆ ನೀರು ಸುಮಾರು 1.35 ಟಿಎಂಸಿ ಹೆಚ್ಚುತ್ತದೆ. ಸಹಸಂಬಂಧ ಗುಣಾಂಕ 0.94, ಗಟ್ಟಿ ನಂಟು. ಮಳೆ 85 ಆದರೆ ನೀರಿನ ಅಂದಾಜು 50 + 1.35 × 5, ಸುಮಾರು 57 ಟಿಎಂಸಿ.

ರೇಖೆಯನ್ನು ಅಂಕಿಗಳ ಆಚೆಗೆ ಎಳೆದರೆ ಏನಾಗುತ್ತದೆ ನೋಡಿ. ಮಳೆ 40 ಸೆಂ.ಮೀ. ಎಂದರೆ ಬರುವ ನೀರು ಮೈನಸ್ 4! ನದಿಯಲ್ಲಿ ಅಂಥದ್ದೊಂದು ಇರಲಾರದು. 130 ಎಂದರೆ 117 ಟಿಎಂಸಿ ದಾಟುತ್ತದೆ. ಜಲಾಶಯ ಹಿಡಿಯುವುದೇ ನೂರಕ್ಕೆ ತುಸು ಹೆಚ್ಚು. ಆದ್ದರಿಂದ ಬಂದ ನೀರಿನ ಬದಲು ನಿಂತ ನೀರನ್ನು ಅಳೆದರೆ, ತುಂಬಿ ಹರಿದ ವರ್ಷಗಳೆಲ್ಲ ಒಂದೇ ಎತ್ತರದಲ್ಲಿ ಕಾಣುತ್ತವೆ.

ಮಳೆಮಾಪಕ ಎಲ್ಲಿದೆ ಎಂಬುದೂ ಮುಖ್ಯ. ಘಟ್ಟದ ನೆತ್ತಿಯ ಇಗತ್‌ಪುರಿಯಲ್ಲಿ ಸುರಿಯುವುದು ನಾಸಿಕ ನಗರದ ಮಳೆಯ ಹಲವು ಪಟ್ಟು. ನಗರದ ಒಂದೇ ಮಾಪಕ ನೆಚ್ಚಿದರೆ ರೇಖೆ ದಾರಿ ತಪ್ಪುತ್ತದೆ.

ಇನ್ನೊಂದು ತೊಡಕು ಮನುಷ್ಯರದು. ಗಂಗಾಪುರ, ದಾರಣಾ ಮುಂತಾದ ಅಣೆಕಟ್ಟುಗಳು ಮೊದಲು ತಾವು ನೀರು ಹಿಡಿಯುತ್ತವೆ. ಅಕ್ಟೋಬರ್ 15ರ ಹೊತ್ತಿಗೆ ಜಾಯಕವಾಡಿಯಲ್ಲಿ ಬಳಕೆಯ ನೀರು ಶೇ 65ಕ್ಕಿಂತ ಕಡಿಮೆಯಿದ್ದರೆ ಮೇಲಿನಿಂದ ಬಿಡಬೇಕೆಂಬ ನಿಯಮ 2014ರ ಆದೇಶದಿಂದ ಬಂತು. ಹಾಗೆ ಬಿಟ್ಟ ನೀರು ಸೇರಿದ ಬರದ ವರ್ಷದ ಚುಕ್ಕೆ ರೇಖೆಗಿಂತ ಮೇಲೆ ಏರಬಹುದು. ಅದನ್ನು ಕಳೆಯದೆ ಲೆಕ್ಕ ಹಾಕಿದವರು, ಆದೇಶ ತಂದ ನೀರನ್ನು ಮಳೆ ತಂದದ್ದೆಂದು ಬರೆದುಕೊಳ್ಳುತ್ತಾರೆ.