34 ಲಕ್ಷದ ಆಫರ್‌ನಲ್ಲಿ ಸಂಬಳ ಎಷ್ಟು?

ಸ್ಟಾರ್ಟಪ್ಪಿನವರು 34 ಲಕ್ಷ ಕೊಡುತ್ತಾರೆ, ದೊಡ್ಡ ಕಂಪನಿಯವರು 22 ಲಕ್ಷ. ಇದರಲ್ಲಿ ಯೋಚಿಸುವುದೇನಿದೆ ಎಂದು ಕೇಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬೆಂಗಳೂರಿನಲ್ಲಿ ನಾಲ್ಕೈದು ವರ್ಷ ಕೆಲಸ ಮಾಡಿ ಎರಡು ಆಫರ್ ಲೆಟರ್ ಕೈಯಲ್ಲಿ ಹಿಡಿದ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು, ಸಲಹೆ ಕೊಡುವ ಸ್ನೇಹಿತರು ಎಲ್ಲರೂ ಹೋಲಿಸುವುದು ಪತ್ರದ ಕೊನೆಯ ಸಾಲಿನಲ್ಲಿರುವ ಸಿಟಿಸಿ ಎಂಬ ಮೊತ್ತವನ್ನೇ. ಆ ಮೊತ್ತವೇ ಸಂಬಳ, ಅದರೊಳಗಿನ ಇಸಾಪ್ ಕೂಡ ಸಂಬಳದ ಭಾಗ ಎಂಬುದು ಈ ಊರಿನ ಅತ್ಯಂತ ದುಬಾರಿ ತಪ್ಪು ಕಲ್ಪನೆ.

ಅಂಥ ಎರಡು ಪತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಸ್ಟಾರ್ಟಪ್ಪಿನ 34 ಲಕ್ಷದಲ್ಲಿ ನಿಗದಿತ ಸಂಬಳ 22 ಲಕ್ಷ, ಜಾಯ್ನಿಂಗ್ ಬೋನಸ್ 2 ಲಕ್ಷ, ಉಳಿದ 10 ಲಕ್ಷ ಇಸಾಪ್. ಜಾಯ್ನಿಂಗ್ ಬೋನಸ್ ಮೊದಲ ವರ್ಷ ಮಾತ್ರ, ವರ್ಷದೊಳಗೆ ಬಿಟ್ಟರೆ ವಾಪಸ್ ಕಟ್ಟಬೇಕು. ನಿಗದಿತ 22 ಲಕ್ಷದೊಳಗೆ ಕಂಪನಿಯ ಪಾಲಿನ ಪಿಎಫ್ ತಿಂಗಳಿಗೆ 1,800 ರೂಪಾಯಿ, ಅಂದರೆ ವರ್ಷಕ್ಕೆ 21,600. ಹದಿನೈದು ಸಾವಿರ ರೂಪಾಯಿಯ ಕಾನೂನು ಮಿತಿಯ ಮೇಲೆ ಮಾತ್ರ ಪಿಎಫ್ ಕಟ್ಟುವ ಕಂಪನಿಗಳಲ್ಲಿ ಇದು ಹೀಗೇ ಇರುತ್ತದೆ. ಅದನ್ನು ಕಳೆದರೆ ವರ್ಷಕ್ಕೆ ನಗದು 21,78,400.

ದೊಡ್ಡ ಕಂಪನಿಯ 22 ಲಕ್ಷದಲ್ಲಿ ಬೇಸಿಕ್ 10 ಲಕ್ಷ. ಅದರ ಶೇ. 12ರಂತೆ ಕಂಪನಿಯ ಪಿಎಫ್ 1,20,000. ಗ್ರಾಚ್ಯುಟಿಯ ಲೆಕ್ಕಕ್ಕೆ 48,000, ವೇರಿಯಬಲ್ 2 ಲಕ್ಷ. ಕೈಗೆ ಬರುವ ನಿಗದಿತ ನಗದು 18,32,000. ಇಲ್ಲೂ ನಂಬಬಾರದ ಅಂಶಗಳಿವೆ. ಐದು ವರ್ಷ ತುಂಬುವ ಮೊದಲು ಕೆಲಸ ಬಿಟ್ಟರೆ ಸಾಮಾನ್ಯ ನೌಕರರಿಗೆ ಗ್ರಾಚ್ಯುಟಿ ಸಿಗುವುದಿಲ್ಲ, ಆದ್ದರಿಂದ ಅದನ್ನು ಬಿಟ್ಟುಬಿಡಿ. ವೇರಿಯಬಲ್ ಪೂರ್ತಿ ಬರುತ್ತದೆಂದೂ ಲೆಕ್ಕ ಹಾಕಬೇಡಿ, ಮುಕ್ಕಾಲು ಭಾಗ, ಅಂದರೆ ಒಂದೂವರೆ ಲಕ್ಷ ಹಿಡಿಯೋಣ.

ಈಗ ಕಳೆಯಿರಿ. ನಿಗದಿತ ನಗದಿನಲ್ಲಿ ಸ್ಟಾರ್ಟಪ್ 3,46,400 ಮುಂದಿದೆ. ಪಿಎಫ್‌ನಲ್ಲಿ 98,400 ಹಿಂದಿದೆ, ವೇರಿಯಬಲ್‌ನಲ್ಲಿ ಒಂದೂವರೆ ಲಕ್ಷ ಹಿಂದಿದೆ. ಎರಡನೇ ವರ್ಷದಿಂದ ಉಳಿಯುವ ನಿಜವಾದ ವ್ಯತ್ಯಾಸ, ತೆರಿಗೆಗೆ ಮುಂಚೆ, ವರ್ಷಕ್ಕೆ 98,000 ರೂಪಾಯಿ. ಹನ್ನೆರಡು ಲಕ್ಷ ಹೆಚ್ಚು ಎಂದು ಮನೆಮಂದಿಗೆಲ್ಲ ಫೋನ್ ಮಾಡಿ ಹೇಳಿದ್ದು ಒಂದು ಲಕ್ಷಕ್ಕೂ ಕಡಿಮೆಯಾಯಿತು. ಅಪ್ಪ ಅಮ್ಮನನ್ನು ಒಳಗೊಂಡ ಆರೋಗ್ಯ ವಿಮೆ ದೊಡ್ಡ ಕಂಪನಿಯಲ್ಲಿ ಇದ್ದು ಸ್ಟಾರ್ಟಪ್ಪಿನಲ್ಲಿ ಇಲ್ಲದಿದ್ದರೆ ಈ ವ್ಯತ್ಯಾಸದಲ್ಲೂ ದೊಡ್ಡ ಪಾಲು ಪ್ರೀಮಿಯಂಗೇ ಹೋಗುತ್ತದೆ.

"ಆದರೆ ಇಸಾಪ್ ಇದೆಯಲ್ಲ ಸರ್, ನಾಲ್ಕು ವರ್ಷಕ್ಕೆ ನಲವತ್ತು ಲಕ್ಷ" ಎಂಬ ಉತ್ತರ ಆಗ ಬರುತ್ತದೆ. ಇಸಾಪ್ ಎಂದರೆ ಷೇರು ಕೊಟ್ಟಿದ್ದಾರೆ ಎಂದಲ್ಲ. ಮುಂದೊಂದು ದಿನ, ಈಗಲೇ ಗೊತ್ತುಮಾಡಿದ ಬೆಲೆಗೆ, ನಿಮ್ಮ ದುಡ್ಡು ಕೊಟ್ಟು ಷೇರು ಕೊಳ್ಳುವ ಹಕ್ಕು ಅದು. ನಲವತ್ತು ಲಕ್ಷ ಹೇಗೆ ಬಂತು ಎಂದು ಕೇಳಿದರೆ ಎಚ್‌ಆರ್‌ನವರು ಬಹುತೇಕ ಹೇಳುವುದು ಇದನ್ನೇ: 4,000 ಆಪ್ಷನ್, ಕಳೆದ ಫಂಡಿಂಗ್ ರೌಂಡ್‌ನಲ್ಲಿ ಒಂದು ಷೇರಿಗೆ 1,000 ರೂಪಾಯಿ. ಕೊಳ್ಳುವ ಬೆಲೆ 400 ಎಂದಿದ್ದರೆ, ಅವರದೇ ಲೆಕ್ಕದಲ್ಲೂ ಲಾಭ ಷೇರಿಗೆ 600 ಮಾತ್ರ. ನಲವತ್ತು ಲಕ್ಷ ಅಲ್ಲಿಗೇ ಇಪ್ಪತ್ನಾಲ್ಕು ಲಕ್ಷಕ್ಕೆ ಇಳಿಯಿತು.

ಆ 1,000 ರೂಪಾಯಿ ಕೂಡ ನಿಮ್ಮ ಷೇರಿನ ಬೆಲೆಯಲ್ಲ. ಹೂಡಿಕೆದಾರರು ಕೊಂಡದ್ದು ಪ್ರಿಫರೆನ್ಸ್ ಷೇರು. ಕಂಪನಿ ಮಾರಾಟವಾದರೆ ಮೊದಲು ತಮ್ಮ ದುಡ್ಡು ವಾಪಸ್ ಪಡೆಯುವ ಹಕ್ಕು ಅದರ ಜೊತೆಗೆ ಬರುವುದು ವಾಡಿಕೆ. ನಿಮಗೆ ಸಿಗುವುದು ಸಾಧಾರಣ ಈಕ್ವಿಟಿ ಷೇರು. ಹೂಡಿಕೆದಾರರು 120 ಕೋಟಿ ಹಾಕಿರುವ ಕಂಪನಿ 100 ಕೋಟಿಗೆ ಮಾರಾಟವಾಯಿತು ಎನ್ನಿ. ನೂರು ಕೋಟಿಯೂ ಅವರಿಗೇ ಹೋಗುತ್ತದೆ, ನೌಕರರ ಷೇರಿಗೆ ಬರುವುದು ಸೊನ್ನೆ. ಆದರೆ ಪತ್ರಿಕೆಯಲ್ಲಿ ಬರುವುದು ನೂರು ಕೋಟಿಗೆ ಸ್ಟಾರ್ಟಪ್ ಮಾರಾಟ ಎಂಬ ಸುದ್ದಿ.

ಇನ್ನು ಕೆಲಸ ಬಿಡುವ ದಿನದ ಲೆಕ್ಕ. ಇದನ್ನು ಯಾರೂ ಮೊದಲೇ ಹಾಕಿ ನೋಡುವುದಿಲ್ಲ. ನಮ್ಮ ದೇಶದ ಕಂಪನಿ ನಿಯಮಗಳ ಪ್ರಕಾರ ಆಪ್ಷನ್ ಕೊಟ್ಟು ಒಂದು ವರ್ಷವಾದರೂ ಕಳೆಯದೆ ಅದು ನಿಮ್ಮದಾಗುವುದಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಕಾಲು ಭಾಗದಂತೆ ನಾಲ್ಕು ವರ್ಷಕ್ಕೆ ವೆಸ್ಟ್ ಆಗುತ್ತದೆ. ಎರಡು ವರ್ಷ ತುಂಬಿದ ಮೇಲೆ ಬಿಟ್ಟವಳ ಕೈಯಲ್ಲಿ 2,000 ಆಪ್ಷನ್ ಇರುತ್ತದೆ. ಬಹಳಷ್ಟು ಕಂಪನಿಗಳ ಯೋಜನೆಯಲ್ಲಿ ಕೆಲಸ ಬಿಟ್ಟ ತೊಂಬತ್ತು ದಿನದೊಳಗೆ ಕೊಳ್ಳಬೇಕು, ಇಲ್ಲದಿದ್ದರೆ ಹಕ್ಕು ರದ್ದು. ಕೊಳ್ಳಲು 2,000ಕ್ಕೆ 400ರಂತೆ 8 ಲಕ್ಷ ಬೇಕು. ಅಷ್ಟಕ್ಕೆ ಮುಗಿಯಲಿಲ್ಲ. ಕೊಂಡ ದಿನ ಮರ್ಚೆಂಟ್ ಬ್ಯಾಂಕರ್ ಆ ಷೇರಿಗೆ 700 ಬೆಲೆ ಕಟ್ಟಿದ್ದರೆ, ಷೇರಿಗೆ 300ರಂತೆ 6 ಲಕ್ಷವನ್ನು ಆ ವರ್ಷದ ಸಂಬಳ ಎಂದೇ ಪರಿಗಣಿಸಿ ತೆರಿಗೆ ಹಾಕುತ್ತಾರೆ. ಇಪ್ಪತ್ತೆರಡು ಲಕ್ಷದ ಆಸುಪಾಸಿನ ಸಂಬಳದವಳಿಗೆ ಹೊಸ ತೆರಿಗೆ ಪದ್ಧತಿಯಲ್ಲಿ ಅದು ಸುಮಾರು 1 ಲಕ್ಷ 70 ಸಾವಿರ. ಒಟ್ಟು ಒಂಬತ್ತು ಲಕ್ಷ ಎಪ್ಪತ್ತು ಸಾವಿರ ಕೈಯಿಂದ ಹೋಯಿತು. ಬಂದದ್ದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಷೇರು. ಅದನ್ನು ಪೇಟೆಯಲ್ಲಿ ಮಾರುವಂತಿಲ್ಲ, ಬೇರೆಯವರಿಗೆ ವರ್ಗಾಯಿಸಲೂ ಕಂಪನಿಯ ನಿಯಮಾವಳಿ ಅಡ್ಡ ಬರುತ್ತದೆ. ಮುಂದೆ ಅದರ ಬೆಲೆ ನೂರಕ್ಕೆ ಇಳಿದರೂ ಕಟ್ಟಿದ ತೆರಿಗೆ ವಾಪಸ್ ಬರುವುದಿಲ್ಲ.

ಸ್ಟಾರ್ಟಪ್‌ಗಳಿಗೆ ಈ ತೆರಿಗೆಯನ್ನು ಮುಂದೂಡುವ ರಿಯಾಯಿತಿ 2020ರ ಬಜೆಟ್‌ನಲ್ಲೇ ಬಂತಲ್ಲ ಎನ್ನುವವರಿದ್ದಾರೆ. ಅದು ಸರ್ಕಾರದ ಅಂತರ ಸಚಿವಾಲಯ ಮಂಡಳಿಯ ಪ್ರಮಾಣಪತ್ರ ಪಡೆದ ಕಂಪನಿಗಳ ನೌಕರರಿಗೆ ಮಾತ್ರ ಸಿಗುತ್ತದೆ. ಕೆಲಸ ಬಿಟ್ಟರೆ ಆ ಮುಂದೂಡಿಕೆಯೂ ಅಲ್ಲಿಗೇ ಮುಗಿಯುತ್ತದೆ.

ಇಷ್ಟಾದರೂ ಇಸಾಪ್ ಮೇಲಿನ ನಂಬಿಕೆ ಅಲ್ಲಾಡುವುದಿಲ್ಲ, ಏಕೆಂದರೆ ಈ ಊರಿಗೆ ಅದರ ಹಿಂದೆ ನಿಜವಾದ ಕಥೆಗಳಿವೆ. ಇನ್ಫೋಸಿಸ್ ನೌಕರರು ಷೇರಿನಿಂದ ಶ್ರೀಮಂತರಾದದ್ದು ಸುಳ್ಳಲ್ಲ. ಆದರೆ ಆ ಕಂಪನಿ 1993ರಲ್ಲೇ ಷೇರುಪೇಟೆಗೆ ಬಂದಿತ್ತು, ನೌಕರರಿಗೆ ಷೇರು ಕೊಡುವ ಯೋಜನೆ ಬಂದದ್ದು ಮರುವರ್ಷ. ಅವರ ಕೈಯಲ್ಲಿದ್ದದ್ದು ದಿನವೂ ಬೆಲೆ ಗೊತ್ತಾಗುವ, ಪೇಟೆಯಲ್ಲಿ ಕೊಳ್ಳುವವರು ಇರುವ ಕಂಪನಿಯ ಷೇರು. ಫ್ಲಿಪ್‌ಕಾರ್ಟ್ ನೌಕರರಿಗೆ ದುಡ್ಡು ಬಂದದ್ದೂ ನಿಜ. 2018ರಲ್ಲಿ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ. 77ರಷ್ಟು ಪಾಲು ಕೊಂಡಿತು. ಈ ಎರಡು ಹೆಸರು ಎಲ್ಲರ ಬಾಯಲ್ಲೂ ಇವೆ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಬೈಜೂಸ್ 2024ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾದದ್ದನ್ನು ಇಸಾಪ್ ಬಗ್ಗೆ ಮಾತಾಡುವಾಗ ಯಾರೂ ನೆನೆಯುವುದಿಲ್ಲ. ದಿವಾಳಿ ಕಾನೂನಿನ ಸರದಿಯಲ್ಲಿ ಈಕ್ವಿಟಿ ಷೇರುದಾರರು ನಿಲ್ಲುವುದು ಕಟ್ಟಕಡೆಗೆ.

ನನ್ನನ್ನು ನೋಯಿಸುವುದು ಇದೇ. ಯಲಹಂಕದಲ್ಲೋ ಕೆಂಗೇರಿಯಲ್ಲೋ 30×40 ಸೈಟು ಕೊಳ್ಳುವಾಗ ಇದೇ ಕುಟುಂಬಗಳು ಖಾತೆ ಕೇಳುತ್ತವೆ, ಮೂಲಪತ್ರ ಕೇಳುತ್ತವೆ, ಮೂವತ್ತು ವರ್ಷದ ಇಸಿ ತೆಗೆಸಿ ವಕೀಲರಿಗೆ ತೋರಿಸುತ್ತವೆ. ಮಗಳ ನಾಲ್ಕು ವರ್ಷದ ದುಡಿಮೆಗೆ ಬೆಲೆ ಕಟ್ಟಿದ ಪತ್ರವನ್ನು ಮಾತ್ರ ಒಂದೇ ಒಂದು ಮೊತ್ತ ನೋಡಿ ಒಪ್ಪಿಕೊಳ್ಳುತ್ತವೆ. ಕಂಪನಿಯ ಸ್ಥಾಪಕರು ಪಾಡ್‌ಕಾಸ್ಟ್‌ನಲ್ಲಿ ಹೇಳಿದ್ದನ್ನು, ಯೂನಿಕಾರ್ನ್ ಎಂಬ ಬಿರುದನ್ನು, ಲಿಂಕ್ಡ್‌ಇನ್‌ನ ಅಭಿನಂದನೆಗಳನ್ನು ದಾಖಲೆ ಎಂದು ನಂಬುವ ಅಭ್ಯಾಸ ಓದಿದವರಲ್ಲೇ ಹೆಚ್ಚು.

ದಾಖಲೆ ಬೇಕೆಂದರೆ ಸಿಗುತ್ತದೆ. ಇಪಿಎಫ್‌ಒ ವೆಬ್‌ಸೈಟಿನ Establishment Search ಪುಟದಲ್ಲಿ ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳ ಪಿಎಫ್ ಯಾವ ದಿನ ಕಟ್ಟಿದ್ದಾರೆ, ಎಷ್ಟು ನೌಕರರಿಗೆ ಕಟ್ಟಿದ್ದಾರೆ ಎಂಬುದು ಕಾಣುತ್ತದೆ. ಪ್ರತಿ ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ದಿನಾಂಕಗಳು ಹಿಂದೆ ಸರಿಯುತ್ತ ಬಂದಿದ್ದರೆ ಆ ಕಂಪನಿಯಲ್ಲಿ ದುಡ್ಡಿನ ಬಿಕ್ಕಟ್ಟು ಶುರುವಾಗಿರಬಹುದು. ನೌಕರರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಇಳಿದಿದ್ದರೆ, ನಾವು ವೇಗವಾಗಿ ಬೆಳೆಯುತ್ತಿದ್ದೇವೆ ಎಂದು ಇಂಟರ್‌ವ್ಯೂನಲ್ಲಿ ಹೇಳಿದ ಮಾತಿಗೆ ವಿವರಣೆ ಕೇಳಬೇಕು. ಕಂಪನಿ ವ್ಯವಹಾರ ಸಚಿವಾಲಯದ ಪೋರ್ಟಲ್‌ನಲ್ಲಿ ನೂರು ರೂಪಾಯಿ ಶುಲ್ಕ ಕಟ್ಟಿದರೆ ಕಂಪನಿ ಸಲ್ಲಿಸಿದ ಬ್ಯಾಲೆನ್ಸ್ ಶೀಟ್ ಓದಬಹುದು. ಕಳೆದ ವರ್ಷದ ನಷ್ಟ ಎಷ್ಟು, ಬ್ಯಾಂಕಿನಲ್ಲಿ ಉಳಿದದ್ದೆಷ್ಟು ಎಂದು ನೋಡಿದರೆ ಇನ್ನೆಷ್ಟು ತಿಂಗಳು ಸಂಬಳ ಕೊಡಬಲ್ಲರು ಎಂಬ ಅಂದಾಜು ಸಿಗುತ್ತದೆ. ಆ ಲೆಕ್ಕ ಒಂದು ವರ್ಷ ಹಳೆಯದಾಗಿರಬಹುದು, ಆದ್ದರಿಂದ ಈಗಿನ ಸ್ಥಿತಿಯನ್ನು ಸ್ಥಾಪಕರನ್ನೇ ಕೇಳಿ.

ದೊಡ್ಡ ಕಂಪನಿಯೆಂದರೆ ನಿವೃತ್ತಿಯವರೆಗೆ ಭದ್ರ ಎಂಬುದೂ ತಪ್ಪು ಕಲ್ಪನೆಯೇ. 2025ರ ಜುಲೈಯಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಸುಮಾರು ಶೇ. 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಜನರನ್ನು ಕೈಬಿಡುವುದಾಗಿ ಹೇಳಿತು. ಸ್ಟಾರ್ಟಪ್ಪಿನಲ್ಲಿ ಕಲಿಕೆ ಹೆಚ್ಚು ಎಂಬುದು ನಿಮ್ಮ ಮೇಲೆ ಕಲಿಸಬಲ್ಲ ಒಬ್ಬರಿದ್ದಾಗ ಮಾತ್ರ ನಿಜ. ಒಮ್ಮೆ ಸ್ಟಾರ್ಟಪ್‌ಗೆ ಹೋದವರನ್ನು ದೊಡ್ಡ ಕಂಪನಿಗಳು ತೆಗೆದುಕೊಳ್ಳುವುದಿಲ್ಲ ಎಂಬ ಮಾತಿಗೆ ಬೆಂಗಳೂರಿನಲ್ಲಿ ಆಧಾರವೇ ಇಲ್ಲ.

ಸ್ಟಾರ್ಟಪ್‌ಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಕೊಳ್ಳುವ ಬೆಲೆಯನ್ನು ಷೇರಿನ ಮುಖಬೆಲೆಯಷ್ಟೇ, ಒಂದೋ ಹತ್ತೋ ರೂಪಾಯಿ ಇಟ್ಟು, ಕೆಲಸ ಬಿಟ್ಟ ಮೇಲೂ ಕೊಳ್ಳಲು ವರ್ಷಗಟ್ಟಲೆ ಸಮಯ ಕೊಡುವ ಒಳ್ಳೆಯ ಕಂಪನಿಗಳಿವೆ. ನೌಕರರ ಷೇರನ್ನು ಈಗಾಗಲೇ ನಗದು ಕೊಟ್ಟು ವಾಪಸ್ ಕೊಂಡಿರುವವೂ ಇವೆ. ಅಂಥಲ್ಲಿ ಇಸಾಪ್‌ಗೆ ಬೆಲೆಯಿದೆ. ಆದರೂ ತೀರ್ಮಾನದ ಲೆಕ್ಕದಲ್ಲಿ ಅದನ್ನು ಸೊನ್ನೆ ಎಂದೇ ಇಡಿ. ಸೊನ್ನೆ ಇಟ್ಟ ಮೇಲೂ ಕೆಲಸ, ಮೇಲಧಿಕಾರಿ, ನಗದು ಮೂರೂ ಒಪ್ಪಿಗೆಯಾದರೆ ನಿಶ್ಚಿಂತೆಯಿಂದ ಹೋಗಿ. ಮನೆಸಾಲದ ಕಂತು ನಡೆಯುತ್ತಿದ್ದರೆ, ಸಂಬಳ ನಿಂತರೂ ಆರು ತಿಂಗಳ ಖರ್ಚಿಗಾಗುವಷ್ಟು ದುಡ್ಡು ಬ್ಯಾಂಕಿನಲ್ಲಿ ಇಲ್ಲದಿದ್ದರೆ, ಮೇಲಿನ ಉದಾಹರಣೆಯ 98,000ಕ್ಕಾಗಿ ಹೋಗಬೇಡಿ.

ಸಹಿ ಹಾಕುವ ಮೊದಲು ಎಚ್‌ಆರ್‌ಗೆ ಒಂದು ಇಮೇಲ್ ಕಳಿಸಿ. ಎಷ್ಟು ಆಪ್ಷನ್, ಕೊಳ್ಳುವ ಬೆಲೆ ಎಷ್ಟು, ಕಂಪನಿಯ ಒಟ್ಟು ಷೇರು ಎಷ್ಟು, ಕೆಲಸ ಬಿಟ್ಟ ಮೇಲೆ ಕೊಳ್ಳಲು ಎಷ್ಟು ದಿನ ಎಂದು ಕೇಳಿ, ಇಸಾಪ್ ಯೋಜನೆಯ ಪ್ರತಿಯನ್ನೂ ಕೇಳಿ. ಫೋನಿನಲ್ಲಿ ಹೇಳುತ್ತೇವೆ ಎಂದರೆ ಒಪ್ಪಬೇಡಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ. ಕೊಡದಿದ್ದರೆ ಆ ಪತ್ರದ 34 ಲಕ್ಷವನ್ನು 22 ಲಕ್ಷ ಎಂದೇ ಓದಿ.