ವಿಡಿಯೋ ಸಂಕಲನಕಾರನ ಅರ್ಜಿಪತ್ರ: ಮೂರು ಚಿಕ್ಕ ಕೆಲಸಗಳ ಲೆಕ್ಕ

ಅಂಧೇರಿ, ಗೋರೆಗಾಂವ್ ಪರಿಸರದ ಸ್ಟುಡಿಯೋಗಳಲ್ಲಿ ಧಾರಾವಾಹಿ, ಜಾಹೀರಾತುಗಳ ಸಂಕಲನ ಕಾರ್ಯ ಸದಾ ನಡೆಯುತ್ತಿರುತ್ತದೆ. ಅಲ್ಲಿ ಕಿರಿಯ ಸಂಕಲನಕಾರನ ಹುದ್ದೆಗೆ ಅರ್ಜಿ ಹಾಕಿದ್ದ ನಮ್ಮ ನೆರೆಮನೆಯ ತರುಣನೊಬ್ಬ, ಯಾವ ಕಡೆಯಿಂದಲೂ ಉತ್ತರ ಬಾರದೆ, ತನ್ನ ಪತ್ರವನ್ನು ನಮಗೆ ತೋರಿಸಿದ. ಸಮೂಹ ಮಾಧ್ಯಮ ವಿಷಯದಲ್ಲಿ ಆಗತಾನೇ ಪದವಿ ಪಡೆದವನು. ತಂದೆ ಹೊಟೇಲಿನ ಕ್ಯಾಶಿಯರ್, ನಿವೃತ್ತಿಗೆ ಹೆಚ್ಚು ಸಮಯವಿಲ್ಲ. ಪತ್ರದಲ್ಲಿ ‘ಕಠಿಣ ಪರಿಶ್ರಮಿ’, ‘ಸೃಜನಶೀಲ’ ಎಂಬ ಮಾತುಗಳಿದ್ದವು. ಮಾಡಿದ ಕೆಲಸದ ಬಗ್ಗೆ ಇದ್ದುದು ಒಂದೇ ಸಾಲು: ‘ಹಲವು ವಿಡಿಯೋಗಳನ್ನು ಸಂಕಲಿಸಿದ್ದೇನೆ.’

ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಓದಿ ಅಭ್ಯಾಸವಾದ ನಮಗೆ ಇದರ ಕೊರತೆ ಕೂಡಲೇ ತಿಳಿಯಿತು. ‘ವ್ಯಾಪಾರ ಚೆನ್ನಾಗಿದೆ’ ಎಂದಷ್ಟೇ ಬರೆದವನಿಗೆ ಸಾಲ ಮಂಜೂರಾಗುವುದಿಲ್ಲ; ಲೆಕ್ಕ ಕಾಣಬೇಕು. ಸಂಕಲನದ ಲೆಕ್ಕವೆಂದರೆ ನಾಲ್ಕು ಸಂಗತಿಗಳು: ಕೈಗೆ ಬಂದ ಮೂಲ ಚಿತ್ರಣ ಎಷ್ಟು, ಉಳಿಸಿಕೊಂಡದ್ದು ಎಷ್ಟು, ಅದರಲ್ಲಿ ತಾನು ಮಾಡಿದ್ದು ಯಾವುದು, ನಡುವೆ ಎದುರಾದ ತೊಡಕನ್ನು ಹೇಗೆ ಬಿಡಿಸಿದ್ದು. ಸಿದ್ಧ ವಿಡಿಯೋ ನೋಡಿದ ಮಾತ್ರಕ್ಕೆ ಇವು ತಿಳಿಯುವುದಿಲ್ಲ. ಆದ್ದರಿಂದಲೇ ಜೊತೆಗೆ ಪತ್ರ ಬೇಕು.

ಕೇಳುತ್ತಾ ಹೋದಂತೆ ಆತನ ಬಳಿ ಮೂರು ಕೆಲಸಗಳಿರುವುದು ತಿಳಿಯಿತು: ಉಪನಗರದ ಕನ್ನಡ ಸಂಘವೊಂದರ ಯಕ್ಷಗಾನ ಪ್ರದರ್ಶನದ ತುಣುಕು, ಸಂಬಂಧಿಕರ ಮದುವೆಯ ಚಿತ್ರಣ, ಕಾಲೇಜಿನ ಕಿರುಚಿತ್ರ. ಇವುಗಳಲ್ಲಿ ಯಕ್ಷಗಾನದ ಕೆಲಸವೇ ಆತನ ನಿಜವಾದ ಬಂಡವಾಳವಾಗಿತ್ತು. ಆದರೆ ಮೊದಲ ಪತ್ರದಲ್ಲಿ ಅದರ ಹೆಸರೂ ಇರಲಿಲ್ಲ!

ಪ್ರದರ್ಶನವನ್ನು ಒಂದು ಕ್ಯಾಮೆರಾ ಹಾಗೂ ಒಂದು ಮೊಬೈಲಿನಲ್ಲಿ ಚಿತ್ರಿಸಲಾಗಿತ್ತು. ಧ್ವನಿಯನ್ನು ಬೇರೆ ಯಂತ್ರದಲ್ಲಿ ಮುದ್ರಿಸಲಾಗಿತ್ತು. ಜೋಡಿಸಿದಾಗ ಆರಂಭದಲ್ಲಿ ಎಲ್ಲವೂ ಸರಿಯಿತ್ತು. ಕೊನೆಗೆ ಬರುವಷ್ಟರಲ್ಲಿ ಮೊಬೈಲಿನ ದೃಶ್ಯದಲ್ಲಿ ಕೋಲು ಚೆಂಡೆಗೆ ತಾಗುವ ಮುನ್ನವೇ ಪೆಟ್ಟಿನ ಸದ್ದು ಕೇಳುತ್ತಿತ್ತು. ಕ್ಯಾಮೆರಾ ಸೆಕೆಂಡಿಗೆ 25 ಚೌಕಟ್ಟುಗಳನ್ನು ಏಕಪ್ರಕಾರವಾಗಿ ಹಿಡಿಯುತ್ತದೆ. ಮೊಬೈಲು ಹಾಗಲ್ಲ, ಬೆಳಕು ಕುಗ್ಗಿದಾಗ ಅದರ ವೇಗ ಏರುಪೇರಾಗಬಹುದು. ಆ ಏರುಪೇರನ್ನು ಸಂಕಲನದ ತಂತ್ರಾಂಶ ಸರಿಯಾಗಿ ಗ್ರಹಿಸದಿದ್ದರೆ ವ್ಯತ್ಯಾಸ ಹನಿ ಹನಿಯಾಗಿ ಕೂಡುತ್ತದೆ. 25 ಚೌಕಟ್ಟುಗಳ ಲೆಕ್ಕದಲ್ಲಿ 12 ಚೌಕಟ್ಟು ಜಾರಿದರೆ ಸುಮಾರು ಅರ್ಧ ಸೆಕೆಂಡು. ತಾಳ ಬಲ್ಲ ಪ್ರೇಕ್ಷಕನಿಗೆ ಅದು ಸಹಿಸಲಾಗದ ದೋಷ. ಆರಂಭವನ್ನು ಮಾತ್ರ ಪರೀಕ್ಷಿಸಿದವನಿಗೆ ಇದು ಕಾಣುವುದೇ ಇಲ್ಲ. ತರುಣ ಮೊಬೈಲಿನ ಚಿತ್ರಣವನ್ನು ಮೊದಲು 25 ಚೌಕಟ್ಟುಗಳ ಸ್ಥಿರ ವೇಗಕ್ಕೆ ಪರಿವರ್ತಿಸಿ, ಮತ್ತೆ ಜೋಡಿಸಿ, ಆದಿ, ಮಧ್ಯ, ಅಂತ್ಯ ಮೂರೂ ಕಡೆ ಚೆಂಡೆಯ ಪೆಟ್ಟಿಗೆ ತಾಳೆ ನೋಡಿದ್ದ.

ಪತ್ರವನ್ನು ಆತನೇ ಇಂಗ್ಲಿಷಿನಲ್ಲಿ ತಿದ್ದಿ ಬರೆದ. ಅದರ ಮುಖ್ಯ ಭಾಗದ ಕನ್ನಡ ರೂಪ ಹೀಗಿದೆ:

‘ಮಾನ್ಯರೇ, ಕಿರಿಯ ವಿಡಿಯೋ ಸಂಕಲನಕಾರರ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಸಂಸ್ಥೆಗಳಲ್ಲಿ ದುಡಿದ ಅನುಭವ ನನಗಿಲ್ಲ. ಮೂರು ಕೆಲಸಗಳನ್ನು ಲಗತ್ತಿಸಿದ್ದೇನೆ. ಮೊದಲನೆಯದು, 3 ಗಂಟೆಗಳ ಯಕ್ಷಗಾನದಿಂದ ಆಯ್ದ 4 ನಿಮಿಷ. ಆಯ್ಕೆ, ಜೋಡಣೆ ಮತ್ತು ಧ್ವನಿ ಹೊಂದಾಣಿಕೆ ನನ್ನದು. ಮೊಬೈಲಿನ ಚಿತ್ರಣ ಧ್ವನಿಯಿಂದ ಜಾರುತ್ತಿದ್ದುದನ್ನು ಸ್ಥಿರ ವೇಗಕ್ಕೆ ಪರಿವರ್ತಿಸಿ ಸರಿಪಡಿಸಿದೆ. 2 ನಿಮಿಷ 10 ಸೆಕೆಂಡಿನಿಂದ ನೋಡಬಹುದು. ಎರಡನೆಯದು, ಮದುವೆಯ 3 ನಿಮಿಷಗಳ ಚಿತ್ರಣ. ಸಂಕಲನ ಪೂರ್ತಿ ನನ್ನದು. ಮೂರನೆಯದು, 6 ನಿಮಿಷಗಳ ಕಿರುಚಿತ್ರ. ಸಂಭಾಷಣೆಯ ದೃಶ್ಯವನ್ನು ಮಾತ್ರ ನಾನು ಸಂಕಲಿಸಿದೆ. ವರ್ಣ ಸಂಸ್ಕರಣ ಸಹಪಾಠಿಯದು. ಆ ವಿದ್ಯೆಯನ್ನು ನಾನಿನ್ನೂ ಕಲಿಯಬೇಕಿದೆ. ಕನ್ನಡ, ತುಳು, ಹಿಂದಿ, ಮರಾಠಿ ಸಂಭಾಷಣೆಗಳನ್ನು ಕೇಳಿಯೇ ಕತ್ತರಿಸಬಲ್ಲೆ.’

ಸಹಪಾಠಿಯ ಕೆಲಸವನ್ನು ಹೆಸರಿಸಲು ಆತ ಮೊದಲು ಹಿಂಜರಿದ. ಆದರೆ ಸಂದರ್ಶನದಲ್ಲಿ ಅದೇ ದೃಶ್ಯದ ಬಣ್ಣವನ್ನು ಬದಲಿಸಲು ಹೇಳಿದರೆ ಗತಿಯೇನು? ಒಂದು ಸುಳ್ಳು ಹೊರಬಿದ್ದರೆ ಉಳಿದೆರಡು ನಿಜಗಳೂ ಸಂಶಯಕ್ಕೀಡಾಗುತ್ತವೆ. ಕಡೆಯ ಸಾಲಿನ ಭಾಷಾಜ್ಞಾನವೂ ಅಲಂಕಾರಕ್ಕಲ್ಲ. ಮಾತು ಅರ್ಥವಾಗದ ಸಂಕಲನಕಾರ ವಾಕ್ಯದ ನಡುವೆ ಕತ್ತರಿ ಹಾಕಿಬಿಡುವ ಅಪಾಯ ಇದ್ದೇ ಇದೆ.

ಕಳುಹಿಸುವ ಮುನ್ನ ಪತ್ರದಲ್ಲಿದ್ದ ಕೊಂಡಿಯನ್ನು ನಮ್ಮ ಮೊಬೈಲಿನಲ್ಲಿ ತೆರೆದು ನೋಡಿದೆವು. ‘ಅನುಮತಿ ಕೇಳಿ’ ಎಂಬ ಸೂಚನೆ ಬಂತು. ತನ್ನದೇ ಖಾತೆಯಲ್ಲಿ ತೆರೆಯುತ್ತಿದ್ದ ತರುಣನಿಗೆ ಅದು ಕಂಡಿರಲೇ ಇಲ್ಲ. ಮೊದಲ ಪತ್ರಗಳಲ್ಲಿ ಇದ್ದುದೂ ಅದೇ ಕೊಂಡಿ. ಅವನ್ನು ಪಡೆದವರು ಆತನ ಕೆಲಸವನ್ನು ನೋಡುವುದೇ ಸಾಧ್ಯವಿರಲಿಲ್ಲವೆಂದು ಆಗ ನಮಗೆ ಅರಿವಾಯಿತು. ಕೊಂಡಿ ಇದ್ದ ಯಾರೂ ನೋಡಬಹುದಾದಂತೆ ಅದನ್ನು ಬದಲಾಯಿಸಿದ ಮೇಲೆಯೇ ಹೊಸ ಪತ್ರ ಹೊರಟಿತು.