ಬಿಲ್ಲಿನ ಬುಡದಲ್ಲಿರುವ ಎಚ್‌ಎಸ್‌ಎನ್ ಪಟ್ಟಿ

ಜಿಎಸ್‌ಟಿ ಬಿಲ್ಲಿನ ಮೇಲ್ಭಾಗದಲ್ಲಿ ಕೊಂಡ ಸಾಮಾನುಗಳು ಒಂದೊಂದು ಸಾಲಾಗಿ ಇರುತ್ತವೆ. ಅನೇಕ ಬಿಲ್ಲುಗಳಲ್ಲಿ ಕೆಳಗೆ ಇನ್ನೊಂದು ಚಿಕ್ಕ ಪಟ್ಟಿಯೂ ಇರುತ್ತದೆ. ಅದರಲ್ಲಿ ಸಾಮಾನಿನ ಹೆಸರಿಲ್ಲ, ಎಚ್‌ಎಸ್‌ಎನ್ ಕೋಡ್ ಮಾತ್ರ. ಪಕ್ಕದಲ್ಲಿ ಟ್ಯಾಕ್ಸಬಲ್ ವ್ಯಾಲ್ಯೂ, ಅಂದರೆ ತೆರಿಗೆ ಹಾಕುವ ಮೊದಲಿನ ಬೆಲೆ. ನಂತರ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಮಾಲು ಹೊರರಾಜ್ಯದಿಂದ ಬಂದಿದ್ದರೆ ಈ ಎರಡರ ಬದಲು ಐಜಿಎಸ್‌ಟಿ ಒಂದೇ ಇರುತ್ತದೆ. ಒಂದೇ ಕೋಡ್, ಒಂದೇ ದರದ ಸಾಲುಗಳೆಲ್ಲ ಇಲ್ಲಿ ಒಂದಾಗಿ ಕೂಡುತ್ತವೆ. ಹಾಗಾಗಿ ಮೇಲಿನ ಸಾಲುಗಳಿಗಿಂತ ಇಲ್ಲಿನ ಸಾಲುಗಳು ಕಡಿಮೆಯಿದ್ದರೆ ಏನೋ ಬಿಟ್ಟುಹೋಗಿದೆ ಎಂದಲ್ಲ.

ತೋಟದ ಸಾಮಾನಿನ ಅಂಗಡಿಯ ಒಂದು ಬಿಲ್ಲನ್ನು ಉದಾಹರಣೆಯಾಗಿ ನೋಡಬಹುದು. 420 ರೂಪಾಯಿಯಂತೆ 10 ಪಿವಿಸಿ ಪೈಪು, 4,200. 25 ರೂಪಾಯಿಯಂತೆ 24 ಎಲ್ಬೋ, 600. ಅದರಲ್ಲಿ ಶೇ 10 ಡಿಸ್ಕೌಂಟ್ ಕಳೆದು 540. ಒಂದು ಕೈ ಸ್ಪ್ರೇಯರ್, 1,800. ಪೈಪು, ಎಲ್ಬೋ ಎರಡರ ಕೋಡ್ 3917, ತೆರಿಗೆ ಶೇ 18. ಸ್ಪ್ರೇಯರಿನದು 8424, ಶೇ 5.

ಕೆಳಗಿನ ಪಟ್ಟಿಯಲ್ಲಿ 3917ರ ಎದುರು 4,740 ಇರಬೇಕು. ಅದಕ್ಕೆ ಶೇ 9ರಂತೆ ಸಿಜಿಎಸ್‌ಟಿ 426.60, ಎಸ್‌ಜಿಎಸ್‌ಟಿಯೂ ಅಷ್ಟೇ. 8424ರ ಎದುರು 1,800, ಶೇ 2.5ರಂತೆ 45 ಮತ್ತು 45. ಒಟ್ಟು ಬೆಲೆ 6,540, ತೆರಿಗೆ 943.20, ಎರಡೂ ಸೇರಿ 7,483.20. ರೌಂಡ್ ಆಫ್ ಆಗಿ ಬಿಲ್ಲು 7,483.

ಹೋಲಿಸುವಾಗ ಒಟ್ಟು ಮೊತ್ತದಿಂದ ಶುರು ಮಾಡದೆ ಕೋಡ್‌ವಾರು ಕೂಡುವುದೇ ಒಳ್ಳೆಯದು. ತಪ್ಪು ಯಾವ ಸಾಲಿನದೆಂದು ಆಗ ತಾನಾಗಿ ಗೊತ್ತಾಗುತ್ತದೆ. 3917ರ ಎದುರು 4,740ರ ಬದಲು 4,800 ಇದ್ದರೆ ವ್ಯತ್ಯಾಸ 60 ರೂಪಾಯಿ, ಸರಿಯಾಗಿ ಎಲ್ಬೋದ ಡಿಸ್ಕೌಂಟಿನಷ್ಟು. ಬಿಲ್ಲಿನಲ್ಲೇ ನಮೂದಿಸಿದ ಡಿಸ್ಕೌಂಟನ್ನು ಕಳೆದ ಮೇಲೆಯೇ ತೆರಿಗೆ ಹಾಕಬೇಕು. ಇಲ್ಲಿ ಕಳೆಯುವ ಮೊದಲೇ ಹಾಕಿದ್ದರಿಂದ ಗಿರಾಕಿಯಿಂದ 10.80 ರೂಪಾಯಿ ಹೆಚ್ಚು ತೆರಿಗೆ ಹೋಗಿದೆ.

ಪಟ್ಟಿಯ ಮೊತ್ತ ಹೆಚ್ಚಾಗಿದ್ದೂ ಸರಿಯಿರುವ ಸಂದರ್ಭವೊಂದಿದೆ. ಅಂಗಡಿಯವರೇ ಮಾಲು ತಲುಪಿಸಿ 327 ರೂಪಾಯಿ ಸಾಗಣೆ ಖರ್ಚು ಹಾಕಿದ್ದರೆ ಅದಕ್ಕೂ ತೆರಿಗೆಯುಂಟು. ಲೆಕ್ಕದ ಸಾಫ್ಟ್‌ವೇರ್ ಅದನ್ನು ಬೆಲೆಗೆ ತಕ್ಕಂತೆ ಹಂಚಿದರೆ 3917ಕ್ಕೆ 237, 8424ಕ್ಕೆ 90 ಸೇರಿ ಪಟ್ಟಿಯಲ್ಲಿ 4,977 ಮತ್ತು 1,890 ಕಾಣುತ್ತದೆ. ಸಾಮಾನಿನ ಸಾಲುಗಳನ್ನಷ್ಟೇ ಕೂಡಿದವರಿಗೆ ಇದು ತಾಳೆಯಾಗುವುದಿಲ್ಲ. ಇನ್ನು ಒಂದೆರಡು ಪೈಸೆಯ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಪ್ರತಿ ಸಾಲಿಗೂ ಬೇರೆಯಾಗಿ ತೆರಿಗೆ ಲೆಕ್ಕ ಹಾಕಿ ಪೈಸೆ ಸರಿಪಡಿಸಿದಾಗ ಅಷ್ಟು ಬರುತ್ತದೆ.

ಆದರೆ ಲೆಕ್ಕ ತಾಳೆಯಾದ ಮಾತ್ರಕ್ಕೆ ಕೋಡ್ ಸರಿಯೆಂದು ಹೇಳಲಾಗದು. ಸ್ಪ್ರೇಯರನ್ನೂ 3917ರಲ್ಲಿ ಸೇರಿಸಿ ಶೇ 18 ಹಾಕಿದ್ದರೆ ಮೇಲಿನ ಸಾಲು, ಕೆಳಗಿನ ಪಟ್ಟಿ ಎರಡೂ ಒಂದಕ್ಕೊಂದು ಒಪ್ಪುತ್ತವೆ, ತೆರಿಗೆ ಮಾತ್ರ 90ರ ಬದಲು 324 ಆಗಿರುತ್ತದೆ. ಅದನ್ನು ಹಿಡಿಯಲು ಸಾಮಾನಿನ ಹೆಸರನ್ನೂ ಅದರ ಪಕ್ಕದ ಕೋಡನ್ನೂ ಜಿಎಸ್‌ಟಿ ದರಪಟ್ಟಿಯ ಜೊತೆ ಇಟ್ಟು ನೋಡಬೇಕು.